ಪಾಯಿಂಟ್ ಅಂಡ್ ಫಿಗರ್ ಚಾರ್ಟ್: 144 ಎಂಬ ಗುರಿ ಎಲ್ಲಿಂದ ಬಂತು?

ಪಾಯಿಂಟ್ ಅಂಡ್ ಫಿಗರ್ ಚಾರ್ಟ್ ಹಾಕಿಕೊಡುವ ಸಾಫ್ಟ್‌ವೇರ್‌ಗಳಲ್ಲಿ ಮೂಲೆಯೊಂದರಲ್ಲಿ ಗುರಿಯ ಬೆಲೆ, ಅಂದರೆ ಬೆಲೆ ಎಲ್ಲಿಯ ತನಕ ಹೋಗಬಹುದು ಅನ್ನುವ ಅಂದಾಜು, ಬರೆದಿರುತ್ತದೆ. 140ರಿಂದ 150ರ ಆಸುಪಾಸು ಅಂತಲ್ಲ, ಖಂಡಿತವಾಗಿ 144. ಕ್ಯಾಂಡಲ್ ಚಾರ್ಟ್‌ನಲ್ಲಿ ಗುರಿ ಹುಡುಕಲು ಹೊರಟವರು ಹತ್ತು ಗೆರೆ ಎಳೆದು ಹತ್ತು ಉತ್ತರ ಪಡೆಯುತ್ತಾರೆ. ಇಲ್ಲಿ ಒಂದೇ ಉತ್ತರ, ಯಾರು ಎಣಿಸಿದರೂ ಅದೇ. ಈ ಅಚ್ಚುಕಟ್ಟುತನ ಬರೀ ತೋರಿಕೆಯಲ್ಲ. ಆದರೆ ಅದರಲ್ಲಿ ಬೆಲೆಯ ಪಾಲೆಷ್ಟು, ನಾವು ಕೊಟ್ಟ ಸೆಟ್ಟಿಂಗ್‌ನ ಪಾಲೆಷ್ಟು ಅಂತ ಬಿಡಿಸಿ ನೋಡದೆ ಆ ಸಂಖ್ಯೆಯನ್ನು ನಂಬಿದರೆ ಕೈ ಸುಡುತ್ತದೆ. ಅದಕ್ಕೆ ಒಳ್ಳೆಯ ದಾರಿಯೆಂದರೆ ಒಂದು ಚಾರ್ಟನ್ನು ಕೈಯಲ್ಲೇ ಹಾಕಿ, ಗುರಿ ಎಣಿಸಿ, ಆಮೇಲೆ ಅದೇ ಬೆಲೆಗಳಿಗೆ ಸೆಟ್ಟಿಂಗ್ ಬದಲಿಸಿ ನೋಡುವುದು.

ಮೊದಲು ನಿಯಮ. ಈ ಚಾರ್ಟ್‌ನಲ್ಲಿ ಕಾಲಕ್ಕೆ ಜಾಗವಿಲ್ಲ. ಎಡದಿಂದ ಬಲಕ್ಕೆ ಸಾಗುವುದು ದಿನಗಳಲ್ಲ, ದಿಕ್ಕು ಬದಲಾದ ಸಲಗಳು. ಬೆಲೆ ಏರುವಾಗ ಒಂದೇ ಕಾಲಂನಲ್ಲಿ X ಮೇಲೆ X, ಇಳಿಯುವಾಗ ಪಕ್ಕದ ಕಾಲಂನಲ್ಲಿ O ಕೆಳಗೆ O. ಒಂದು X ಅಥವಾ O ಹಾಕಲು ಬೆಲೆ ಎಷ್ಟು ಸರಿಯಬೇಕು ಅನ್ನುವುದೇ ಬಾಕ್ಸ್ ಸೈಜ್. ಕಾಲಂ ಬದಲಿಸಲು ಬೆಲೆ ಎಷ್ಟು ಬಾಕ್ಸ್ ಹಿಂದಕ್ಕೆ ಬರಬೇಕು ಅನ್ನುವುದು ರಿವರ್ಸಲ್. ಬಾಕ್ಸ್ 2, ರಿವರ್ಸಲ್ 3 ಅಂದರೆ ಬೆಲೆ 6 ಅಂಕ ತಿರುಗುವ ತನಕ ಚಾರ್ಟ್ ತಿರುವನ್ನು ಒಪ್ಪುವುದಿಲ್ಲ. ಈ ಪದ್ಧತಿ 19ನೇ ಶತಮಾನದ ಕೊನೆಯಿಂದಲೂ ಬಳಕೆಯಲ್ಲಿದೆ. ಆಗ ರಿವರ್ಸಲ್ ಒಂದೇ ಬಾಕ್ಸ್‌ನದು. ಇವತ್ತು ಹೆಚ್ಚಿನವರು ಬಳಸುವ ಮೂರು ಬಾಕ್ಸ್‌ನ ರೂಢಿಯನ್ನು 1940ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಎ.ಡಬ್ಲ್ಯೂ. ಕೋಹೆನ್.

ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಯಿಂದ ಚಾರ್ಟ್ ಹಾಕುವಾಗ ಪ್ರತಿ ದಿನ ಎರಡೇ ಪ್ರಶ್ನೆ, ಅದೂ ಇದೇ ಅನುಕ್ರಮದಲ್ಲಿ. ಈಗ ಇರುವುದು X ಕಾಲಂ ಆದರೆ, ಮೊದಲು ಗರಿಷ್ಠ ಬೆಲೆಯನ್ನು ನೋಡಿ: ಮುಂದಿನ ಬಾಕ್ಸ್ ಮುಟ್ಟಿತೇ? ಮುಟ್ಟಿದ್ದರೆ X ಹಾಕಿ, ಆ ದಿನದ ಕೆಲಸ ಮುಗಿಯಿತು, ಕನಿಷ್ಠ ಬೆಲೆಯತ್ತ ತಿರುಗಿಯೂ ನೋಡಬೇಡಿ. ಮುಟ್ಟದಿದ್ದರೆ ಮಾತ್ರ ಕನಿಷ್ಠ ಬೆಲೆಯನ್ನು ನೋಡಿ: ತುದಿಯ X‌ನಿಂದ ಮೂರು ಬಾಕ್ಸ್ ಕೆಳಗೆ ಬಂತೇ? ಬಂದಿದ್ದರೆ ಬಲಕ್ಕೆ ಸರಿದು, ತುದಿಯ X‌ಗಿಂತ ಒಂದು ಬಾಕ್ಸ್ ಕೆಳಗಿನಿಂದ O ಹಾಕುತ್ತಾ ಇಳಿಯಿರಿ. ಎರಡೂ ಇಲ್ಲದಿದ್ದರೆ ಆ ದಿನ ಚಾರ್ಟ್ ಮೇಲೆ ಏನೂ ಇಲ್ಲ. O ಕಾಲಂನಲ್ಲಿದ್ದಾಗ ಇದೆಲ್ಲ ತಿರುಗುಮುರುಗು.

ಹದಿಮೂರು ದಿನ, ಕೈಯಲ್ಲಿ

ಲೆಕ್ಕಕ್ಕಾಗಿ ಒಂದು ಬೆಲೆಯ ಸರಣಿಯನ್ನು ಕಲ್ಪಿಸಿಕೊಳ್ಳೋಣ. ದೊಡ್ಡದೊಂದು ಇಳಿಕೆಯ ಕೊನೆಯಲ್ಲಿ ಬೆಲೆ 91.4ರ ತನಕ ಬಂದಿದೆ. ಬಾಕ್ಸ್ 2 ಆದ್ದರಿಂದ ಕೊನೆಯ O ಇರುವುದು 92ರಲ್ಲಿ. 90 ಇನ್ನೂ ಮುಟ್ಟಿಲ್ಲ. ಮುಂದಿನ ದಿನಗಳು ಹೀಗೆ:

```
ದಿನ   ಗರಿಷ್ಠ   ಕನಿಷ್ಠ
 1     95.5    91.2
 2     98.4    93.6
 3    101.2    97.5
 4    101.8    96.1
 5    100.4    93.7
 6     97.9    92.8
 7    100.6    95.0
 8    104.3    99.1
 9    108.9   103.2
10    110.1   101.5
11    108.2   103.4
12    110.3   103.1
13    113.0   108.0
```

ಮೊದಲ ದಿನ 90 ಮುಟ್ಟಲಿಲ್ಲ. ತಿರುವಿಗೆ 98 ಬೇಕಿತ್ತು, ಅದೂ ಬರಲಿಲ್ಲ. ಹಾಗಾಗಿ ಏನೂ ಬರೆಯುವಂತಿಲ್ಲ. ಎರಡನೇ ದಿನ 98.4 ಬಂತು, ಬಲಕ್ಕೆ ಸರಿದು 94, 96, 98ರಲ್ಲಿ X. ಮೂರನೇ ದಿನ 100ರಲ್ಲಿ ಇನ್ನೊಂದು X. ನಾಲ್ಕನೇ ದಿನ 101.8ರ ತನಕ ಹೋದರೂ 102 ಆಗಲಿಲ್ಲ, ಆದ್ದರಿಂದ X ಇಲ್ಲ. ಕನಿಷ್ಠ 96.1, ತಿರುವಿಗೆ ಬೇಕಾದದ್ದು 94. ಮತ್ತೆ ಖಾಲಿ ದಿನ. 101.8ನ್ನು ‘ಹತ್ತಿರ ಹತ್ತಿರ 102’ ಅಂತ ದುಂಡಗೆ ಮಾಡಿ X ಹಾಕುವುದು ಹೊಸಬರು ಮಾಡುವ ಮೊದಲ ತಪ್ಪು. ಇಲ್ಲಿ ಏರಿಕೆಯನ್ನು ಯಾವಾಗಲೂ ಕೆಳಗಿನ ಬಾಕ್ಸ್‌ಗೆ, ಇಳಿಕೆಯನ್ನು ಮೇಲಿನ ಬಾಕ್ಸ್‌ಗೆ ಹೊಂದಿಸಿಯೇ ಲೆಕ್ಕ ಹಾಕಬೇಕು.

ಐದನೇ ದಿನ 93.7ಕ್ಕೆ ಬಿದ್ದಿದೆ. 98, 96, 94ರಲ್ಲಿ O. ಆರು ಖಾಲಿ. ಏಳನೇ ದಿನ 100.6, ತಿರುವಿಗೆ ಬೇಕಿದ್ದ 100 ಸಿಕ್ಕಿತು. 96, 98, 100ರಲ್ಲಿ X. ಎಂಟನೇ ದಿನ 102 ಮತ್ತು 104. ಹಿಂದಿನ X ಕಾಲಂನ ತುದಿ 100ರಲ್ಲಿತ್ತು, ಈಗ ಅದನ್ನು ದಾಟಿ 102ರಲ್ಲಿ X ಬಿದ್ದಿದೆ. ಇದಕ್ಕೆ ಡಬಲ್ ಟಾಪ್ ಖರೀದಿ ಸಂಕೇತ ಅನ್ನುತ್ತಾರೆ. ಒಂಬತ್ತರಲ್ಲಿ 106, 108.

ಹತ್ತನೇ ದಿನವನ್ನು ಸ್ವಲ್ಪ ನಿಂತು ನೋಡಬೇಕು. ಗರಿಷ್ಠ 110.1, ಕನಿಷ್ಠ 101.5. ಅದೇ ದಿನ ಬೆಲೆ ಮುಂದಿನ ಬಾಕ್ಸನ್ನೂ ಮುಟ್ಟಿದೆ, ತಿರುವಿಗೆ ಬೇಕಾದದ್ದಕ್ಕಿಂತ ಹೆಚ್ಚೂ ಬಿದ್ದಿದೆ. ನಿಯಮದ ಪ್ರಕಾರ 110ರಲ್ಲಿ X, ಅಷ್ಟೇ. ಎಂಟೂವರೆ ಅಂಕದ ಆ ಕುಸಿತ ಚಾರ್ಟ್‌ನಲ್ಲಿ ನಡೆದೇ ಇಲ್ಲ! ಮೊದಲು ಬಿದ್ದು ಆಮೇಲೆ ಎದ್ದಿತೋ, ಎದ್ದು ಬಿದ್ದಿತೋ ಅನ್ನುವುದು ದಿನದ ಎರಡು ಬೆಲೆಗಳಿಂದ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ನಿಯಮ ಚಾಲ್ತಿಯಲ್ಲಿರುವ ದಿಕ್ಕಿನ ಪರ ತೀರ್ಪು ಕೊಡುತ್ತದೆ. ಈ ದಿನ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಹನ್ನೊಂದನೇ ದಿನ 103.4: 108, 106, 104ರಲ್ಲಿ O. ಹನ್ನೆರಡನೇ ದಿನ 110.3 ಬಂದು ಮತ್ತೆ ಮೇಲಕ್ಕೆ ತಿರುವು, 106, 108, 110ರಲ್ಲಿ X. ಹದಿಮೂರನೇ ದಿನ 112ರಲ್ಲಿ ಇನ್ನೊಂದು. ಮೊದಲ O ಕಾಲಂನ ಮೇಲ್ಭಾಗವನ್ನು ಕತ್ತರಿಸಿ ಬರೆದರೆ ಚಾರ್ಟ್ ಹೀಗಿದೆ:

```
112 |           X
110 |       X   X
108 |       X O X
106 | O     X O X
104 | O     X O
102 | O     X
100 | O X   X
 98 | O X O X
 96 | O X O X
 94 | O X O
 92 | O
```

ಗುರಿ ಎಣಿಸುವುದು

ಎರಡು ಎಣಿಕೆಗಳಿವೆ, ಲಂಬ ಮತ್ತು ಅಡ್ಡ. ಲಂಬ ಎಣಿಕೆಗೆ ತಳದಿಂದ ಎದ್ದ X ಕಾಲಂ ಒಂದನ್ನು ಆರಿಸಿಕೊಂಡು ಅದರಲ್ಲಿರುವ ಬಾಕ್ಸ್‌ಗಳನ್ನು ಎಣಿಸಬೇಕು.

```
ಗುರಿ = ಕಾಲಂನ ತಳ + (ಬಾಕ್ಸ್‌ಗಳ ಸಂಖ್ಯೆ × ಬಾಕ್ಸ್ ಸೈಜ್ × ರಿವರ್ಸಲ್)
```

ತಳದಿಂದ ಎದ್ದ ಮೊದಲ ಕಾಲಂನಲ್ಲಿ 94ರಿಂದ 100ರ ತನಕ ನಾಲ್ಕು X ಇವೆ. 4 × 2 × 3 = 24, ಅದಕ್ಕೆ 94 ಕೂಡಿದರೆ 118. ಬ್ರೇಕ್‌ಔಟ್ ಕೊಟ್ಟ, ಅಂದರೆ ಹಿಂದಿನ ತುದಿಯನ್ನು ದಾಟಿದ, ಎರಡನೇ X ಕಾಲಂನಲ್ಲಿ 96ರಿಂದ 110ರ ತನಕ ಎಂಟು. 8 × 2 × 3 = 48, 96 ಕೂಡಿದರೆ 144. ಶುರುವಿನಲ್ಲಿ ಹೇಳಿದ ಸಂಖ್ಯೆ ಇದೇ.

ಇಲ್ಲಿ ಎಣಿಕೆಯಲ್ಲೇ ಎಡವುವವರಿದ್ದಾರೆ. 110ರಿಂದ 96 ಕಳೆದರೆ 14, ಬಾಕ್ಸ್ 2ರಿಂದ ಭಾಗಿಸಿದರೆ 7, ಅಂತ ಲೆಕ್ಕ ಹಾಕಿ 138 ಅನ್ನುತ್ತಾರೆ. ಬೇಲಿಯ ಗೂಟಗಳನ್ನು ಎಣಿಸುವ ಬದಲು ನಡುವಿನ ಅಂತರಗಳನ್ನು ಎಣಿಸಿದ ಹಾಗೆ. ಎರಡೂ ತುದಿಯ X ಲೆಕ್ಕಕ್ಕೆ ಬರಬೇಕು, ಮತ್ತು ಒಂದೇ ಒಂದು X ಬಿಟ್ಟುಹೋದರೂ ಗುರಿ 6 ಅಂಕ ತಪ್ಪುತ್ತದೆ.

ಅಡ್ಡ ಎಣಿಕೆ ತಳದ ಅಗಲವನ್ನು ಅಳೆಯುತ್ತದೆ. ತಳಕ್ಕೆ ಇಳಿದ O ಕಾಲಂನಿಂದ ಬ್ರೇಕ್‌ಔಟ್ ಕೊಟ್ಟ X ಕಾಲಂ ತನಕ, ಎರಡೂ ಗೋಡೆ ಸೇರಿಸಿ, ಎಷ್ಟು ಕಾಲಂ? ನಾಲ್ಕು. 4 × 2 × 3 = 24, ಅದನ್ನು ತಳದ ಅತಿ ಕೆಳಗಿನ O ಇರುವ 92ಕ್ಕೆ ಕೂಡಿದರೆ 116. ಮೊದಲ ಕಾಲಂನ ಲಂಬ ಎಣಿಕೆ ಕೊಟ್ಟ 118ರ ಪಕ್ಕದಲ್ಲೇ ಇದೆ. ಬೇರೆ ಬೇರೆ ದಾರಿಯಿಂದ ಬಂದ ಎರಡು ಎಣಿಕೆ ಒಂದು ಬಾಕ್ಸ್ ಅಂತರದಲ್ಲಿ ಸೇರಿದರೆ ಆ ಜಾಗಕ್ಕೆ ಹೆಚ್ಚು ಬೆಲೆ ಕೊಡುವುದು ರೂಢಿ. ಒಂಟಿಯಾಗಿ ನಿಂತ 144ಕ್ಕಿಂತ ಜೋಡಿಯಾಗಿ ನಿಂತ 116–118ನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳುವುದು ಸರಿ.

ಎಣಿಕೆಗೂ ಒಂದು ಆಯುಷ್ಯವಿದೆ. X ಕಾಲಂ ಮುಗಿದು ಪಕ್ಕದಲ್ಲಿ O ಬೀಳುವ ತನಕ ಅದರ ಎತ್ತರ ಗೊತ್ತಾಗುವುದಿಲ್ಲ, ಹಾಗಾಗಿ ಎಣಿಕೆಯೂ ಇಲ್ಲ. ಒಂಬತ್ತನೇ ದಿನ ಎಣಿಸಿದವರಿಗೆ ಏಳು X ಸಿಕ್ಕಿ 138 ಬರುತ್ತಿತ್ತು, ಮರುದಿನ ಅದು 144 ಆಗುತ್ತಿತ್ತು. ಬೆಳೆಯುತ್ತಿರುವ ಕಾಲಂ ಎಣಿಸಿ ‘ಗುರಿ ಓಡಿಹೋಗುತ್ತಿದೆ’ ಅಂತ ಗೊಣಗಿ ಪ್ರಯೋಜನವಿಲ್ಲ. ನಮ್ಮ ಉದಾಹರಣೆಯಲ್ಲಿ 144 ಹುಟ್ಟಿದ್ದು ಹನ್ನೊಂದನೇ ದಿನ, O ಬಿದ್ದಾಗ. ಆಗಲೂ ಅದು ಬರೀ ಸಾಧ್ಯತೆ. ಎಣಿಸಿದ ಕಾಲಂನ ತುದಿಯನ್ನು ದಾಟಿ ಹೊಸ X ಬಿದ್ದಾಗಲೇ, ಅಂದರೆ ಹದಿಮೂರನೇ ದಿನ 112ರಲ್ಲಿ, ಅದು ಚಾಲ್ತಿಗೆ ಬರುತ್ತದೆ. 118ರ ಎಣಿಕೆ ಎಂಟನೇ ದಿನ 102ರಲ್ಲೇ ಚಾಲ್ತಿಗೆ ಬಂದಿತ್ತು. ಎಣಿಸಿದ ಕಾಲಂನ ತಳಕ್ಕಿಂತ ಕೆಳಗೆ O ಬಿದ್ದರೆ ಆ ಎಣಿಕೆ ರದ್ದು: 118ಕ್ಕೆ 92ರಲ್ಲಿ O, 144ಕ್ಕೆ 94ರಲ್ಲಿ O.

ಬಾಕ್ಸ್ ಬದಲಿಸಿದರೆ

ಈಗ ಅದೇ ಹದಿಮೂರು ದಿನಗಳಿಗೆ ಬಾಕ್ಸ್ 1, ರಿವರ್ಸಲ್ 3 ಇಟ್ಟು ನೋಡಿ. ಮೊದಲ ದಿನವೇ ತಿರುವು ಬರುತ್ತದೆ, ಏಕೆಂದರೆ 92ರಿಂದ ಮೂರೇ ಅಂಕ ಬೇಕು. ಮೊದಲ X ಕಾಲಂ 93ರಿಂದ 101ರ ತನಕ, ಒಂಬತ್ತು X. 9 × 1 × 3 = 27, ಗುರಿ 120. ಬ್ರೇಕ್‌ಔಟ್ ಕಾಲಂ 94ರಿಂದ 110ರ ತನಕ, ಹದಿನೇಳು X. ಗುರಿ 145. ಬಾಕ್ಸ್ ಅರ್ಧ ಮಾಡಿದರೂ 118 ಹೋಗಿ 120, 144 ಹೋಗಿ 145 ಬಂತು. ಬಾಕ್ಸ್ ಸೈಜ್ ಬದಲಿಸಿದರೆ ಗುರಿಯೂ ಆ ಪ್ರಮಾಣದಲ್ಲಿ ಬದಲಾಗುತ್ತದೆ ಅಂದುಕೊಂಡವರಿಗೆ ಇದು ಅಚ್ಚರಿ. ಕಾರಣ ಸರಳ: ಬಾಕ್ಸ್ ಚಿಕ್ಕದಾದಷ್ಟೂ ಬಾಕ್ಸ್‌ಗಳ ಸಂಖ್ಯೆ ಹೆಚ್ಚುತ್ತದೆ, ಗುಣಾಕಾರದಲ್ಲಿ ಒಂದನ್ನೊಂದು ಸರಿದೂಗಿಸುತ್ತದೆ. ಲಂಬ ಎಣಿಕೆ ಅಂದರೆ ಕೊನೆಗೆ ‘ಮೊದಲ ನೆಗೆತದ ಎತ್ತರದ ಸುಮಾರು ಮೂರು ಪಟ್ಟು’ ಅಷ್ಟೇ.

ಹಾಗಾದರೆ ಬಾಕ್ಸ್ ಯಾವುದಾದರೇನು? ಬಾಕ್ಸ್ 3, ರಿವರ್ಸಲ್ 3 ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಕೊನೆಯ O ಈಗ 93ರಲ್ಲಿ. ತಿರುವಿಗೆ ಒಂಬತ್ತು ಅಂಕ, ಅಂದರೆ 102 ಬೇಕು. ಮೊದಲ ಏಳು ದಿನ ಬೆಲೆ 101.8ನ್ನು ದಾಟಲೇ ಇಲ್ಲ, ಚಾರ್ಟ್ ಅಲುಗಾಡುವುದಿಲ್ಲ. ಎಂಟನೇ ದಿನ 96, 99, 102ರಲ್ಲಿ X. ಆಮೇಲೆ 105, 108. ಹತ್ತು, ಹನ್ನೊಂದು, ಹನ್ನೆರಡನೇ ದಿನಗಳ ಕುಸಿತ ಯಾವುದೂ 99 ಮುಟ್ಟದ ಕಾರಣ O ಇಲ್ಲ. ಹದಿಮೂರನೇ ದಿನ 111. ತಳವೂ ಇಲ್ಲ, ಬ್ರೇಕ್‌ಔಟೂ ಇಲ್ಲ, ಅಡ್ಡ ಎಣಿಕೆಗೆ ಅಗಲವೇ ಇಲ್ಲ. ಇನ್ನೂ ಮುಗಿಯದ ಒಂದೇ ಒಂದು X ಕಾಲಂ, ಗುರಿಯೇ ಇಲ್ಲ. ಬಾಕ್ಸ್ ಸೈಜ್ ಗುರಿಯ ಸಂಖ್ಯೆಯನ್ನು ನೇರವಾಗಿ ಬದಲಿಸುವುದಿಲ್ಲ, ಯಾವ ತಿರುವು ಉಳಿಯಬೇಕು ಯಾವುದು ಅಳಿಯಬೇಕು ಅನ್ನುವುದನ್ನು ತೀರ್ಮಾನಿಸುತ್ತದೆ. ತಿರುವು ಉಳಿದರೆ ಗುರಿ ಹೆಚ್ಚು ಕಡಿಮೆ ಅಲ್ಲಲ್ಲೇ ನಿಲ್ಲುತ್ತದೆ, ಅಳಿದರೆ ಪೂರ್ತಿ ಬೇರೆ ಚಾರ್ಟ್.

ರಿವರ್ಸಲ್ ಹಾಗಲ್ಲ, ಅದು ನೇರವಾಗಿ ಗುಣಕ. ಬಾಕ್ಸ್ 1 ಇಟ್ಟು ರಿವರ್ಸಲ್ 5 ಮಾಡಿ. ತಿರುವಿಗೆ 5 ಅಂಕ ಬೇಕು. ಮೊದಲ X ಕಾಲಂ ಎರಡನೇ ದಿನ ಶುರುವಾಗಿ 101ಕ್ಕೆ ಹೋಗುತ್ತದೆ. ನಾಲ್ಕನೇ ದಿನದ 96.1 ತಿರುವಿಗೆ ಕೂದಲೆಳೆಯಲ್ಲಿ ಸಾಲದು, ಐದನೇ ದಿನ O ಬೀಳುತ್ತದೆ. ಕಾಲಂ ಮಾತ್ರ ಅದೇ: 93ರಿಂದ 101, ಒಂಬತ್ತು X. ಆದರೆ 9 × 1 × 5 = 45, ಗುರಿ 138. ಒಂದು X ಕೂಡ ಬದಲಾಗಿಲ್ಲ, ಬೆಲೆ ಬದಲಾಗಿಲ್ಲ, ಗುರಿ 120ರಿಂದ 138ಕ್ಕೆ ಹಾರಿದೆ. ಈ ಹದಿನೆಂಟು ಅಂಕ ಮಾರುಕಟ್ಟೆ ಕೊಟ್ಟದ್ದಲ್ಲ, ಮೆನುವಿನಲ್ಲಿ ಆರಿಸಿದ ಸಂಖ್ಯೆ ಕೊಟ್ಟದ್ದು. ಲಂಬ ಎಣಿಕೆ ರೂಢಿಗೆ ಬಂದದ್ದೇ ಮೂರು ಬಾಕ್ಸ್‌ನ ಚಾರ್ಟ್ ಜೊತೆಗೆ. ಗುರಿ ಬೇಕೆಂದರೆ ರಿವರ್ಸಲ್ 3ರಲ್ಲೇ ಇರಲಿ. 5 ಇಡುವುದಾದರೆ ದೊಡ್ಡ ದಿಕ್ಕು ನೋಡಲು ಇಡಿ, ಎಣಿಸಲು ಬೇಡ.

ಬಾಕ್ಸ್ ಆರಿಸುವ ಅಳತೆ

ಹತ್ತನೇ ದಿನ ನೆನಪಿದೆಯಲ್ಲ? ಒಂದೇ ದಿನದಲ್ಲಿ ಬೆಲೆ ರಿವರ್ಸಲ್‌ಗಿಂತ ಹೆಚ್ಚು ಓಡಾಡಿದಾಗ ಚಾರ್ಟ್ ಏನು ತೋರಿಸುತ್ತದೆ ಅನ್ನುವುದನ್ನು ಬೆಲೆಯಲ್ಲ, ನಿಯಮ ತೀರ್ಮಾನಿಸುತ್ತದೆ. ಹಾಗಾಗಿ ಬಾಕ್ಸ್ ಆರಿಸುವ ಮೊದಲು ಪ್ರತಿ ದಿನದ ಗರಿಷ್ಠದಿಂದ ಕನಿಷ್ಠ ಕಳೆದು ಪಟ್ಟಿ ಮಾಡಿ. ಮೇಲಿನ ಹದಿಮೂರು ದಿನಗಳಲ್ಲಿ ಅದು 3.7ರಿಂದ 8.6ರ ತನಕ ಇದೆ, ಸರಾಸರಿ ಸುಮಾರು ಐದೂವರೆ. ಬಾಕ್ಸ್ 2ರ ರಿವರ್ಸಲ್ 6 ಅಂಕ. ಅದನ್ನು ಮೀರಿದ ದಿನಗಳು ಮೂರೇ: ಐದು, ಹತ್ತು, ಹನ್ನೆರಡು. ಬಾಕ್ಸ್ 1ರ ರಿವರ್ಸಲ್ 3 ಅಂಕ. ಹದಿಮೂರಕ್ಕೆ ಹದಿಮೂರೂ ದಿನ ಅದನ್ನು ಮೀರಿವೆ! ಅಂದರೆ ಬಾಕ್ಸ್ 1ರ ಚಾರ್ಟ್‌ನಲ್ಲಿ ಪ್ರತಿ ದಿನವೂ ತಿರುವಿಗೆ ಸಾಕಾಗುವಷ್ಟು ಓಡಾಟವಿತ್ತು, ಅದರಲ್ಲಿ ಎಷ್ಟನ್ನು ನಿಯಮ ನುಂಗಿಹಾಕಿತು ಅನ್ನುವುದು ಚಾರ್ಟ್ ನೋಡಿದರೆ ತಿಳಿಯುವುದಿಲ್ಲ. ಅದು ಕೊಟ್ಟ 120 ಮತ್ತು 145 ನಮ್ಮ ಲೆಕ್ಕಕ್ಕೆ ಹತ್ತಿರ ಬಂದದ್ದು ಈ ಸರಣಿಯ ಪುಣ್ಯ.

ಬಳಸಲು ಸುಲಭವಾದ ಅಳತೆ ಹೀಗಿದೆ: ಮೂರು ಬಾಕ್ಸ್ ಸೇರಿದರೆ ದಿನದ ಸರಾಸರಿ ಓಡಾಟಕ್ಕಿಂತ ತುಸು ಹೆಚ್ಚಿರಲಿ. ಸರಾಸರಿ ಐದೂವರೆಯಾದರೆ ಬಾಕ್ಸ್ 2 ಸರಿಹೋಗುತ್ತದೆ. ಅದಕ್ಕಿಂತ ಚಿಕ್ಕ ಬಾಕ್ಸ್ ಬೇಕೇ ಬೇಕು ಅನ್ನಿಸಿದರೆ ದಿನದ ಗರಿಷ್ಠ–ಕನಿಷ್ಠ ಬಿಟ್ಟು ಮುಕ್ತಾಯದ ಬೆಲೆಯಿಂದ ಮಾತ್ರ ಚಾರ್ಟ್ ಹಾಕಿ, ಅಥವಾ ಗಂಟೆಯ ಬೆಲೆಗಳನ್ನು ಬಳಸಿ. ಮುಕ್ತಾಯದ ಬೆಲೆಯಲ್ಲಿ ದಿನಕ್ಕೆ ಒಂದೇ ಸಂಖ್ಯೆ ಇರುವುದರಿಂದ ಯಾವುದು ಮೊದಲು ಅನ್ನುವ ಜಗಳವೇ ಇಲ್ಲ. ನಷ್ಟವೆಂದರೆ ದಿನದ ಮಧ್ಯೆ ಮುಟ್ಟಿ ಬಂದ ತುದಿಗಳು ಕಾಣುವುದಿಲ್ಲ, ಎಣಿಕೆ ಸಾಮಾನ್ಯವಾಗಿ ಸ್ವಲ್ಪ ಚಿಕ್ಕದಾಗುತ್ತದೆ.

ಸಾಫ್ಟ್‌ವೇರ್‌ಗಳಲ್ಲಿ ಸರಾಸರಿ ಓಡಾಟವನ್ನು ತಾನೇ ಲೆಕ್ಕ ಹಾಕಿ ಬಾಕ್ಸ್ ಇಡುವ ಆಯ್ಕೆಯೂ ಇದೆ, ಸಾಮಾನ್ಯವಾಗಿ `ATR` ಅನ್ನುವ ಹೆಸರಿನಲ್ಲಿ. ಒಮ್ಮೆ ನೋಡಿ ಸಂಖ್ಯೆ ತಿಳಿದುಕೊಳ್ಳಲು ಒಳ್ಳೆಯದು, ಹಾಗೆಯೇ ಬಿಟ್ಟರೆ ಕಷ್ಟ. ಸರಾಸರಿ ದಿನಾ ಬದಲಾಗುತ್ತದೆ, ಬಾಕ್ಸ್ ಬದಲಾಗುತ್ತದೆ, ಹಳೆಯ ಕಾಲಂಗಳೆಲ್ಲ ಹೊಸ ಬಾಕ್ಸ್‌ನಲ್ಲಿ ಮತ್ತೆ ಬರೆಯಲ್ಪಡುತ್ತವೆ. ನಿನ್ನೆ ಖರೀದಿ ಸಂಕೇತ ಕೊಟ್ಟ ಬ್ರೇಕ್‌ಔಟ್ ಇವತ್ತು ಚಾರ್ಟ್‌ನಲ್ಲೇ ಇಲ್ಲದಿರಬಹುದು. ಸಂಖ್ಯೆ ನೋಡಿಕೊಂಡು, ದುಂಡಗೆ ಮಾಡಿ, ಕೈಯಾರೆ ಬರೆದು, ಆ ವ್ಯವಹಾರ ಮುಗಿಯುವ ತನಕ ಮುಟ್ಟದಿರುವುದೇ ವಾಸಿ.

ಶೇಕಡಾ ಬಾಕ್ಸ್‌ನ ಬಲೆ

ಬೆಲೆ ಹಲವು ಪಟ್ಟು ಏರಿಳಿದಿರುವ ಉದ್ದನೆಯ ಚಾರ್ಟ್‌ಗೆ ಅಂಕದ ಬಾಕ್ಸ್ ಒಗ್ಗುವುದಿಲ್ಲ. 20 ಇದ್ದಾಗ 2 ಅಂಕ ಅಂದರೆ ಹತ್ತು ಶೇಕಡಾ, 200 ಆದಾಗ ಒಂದು ಶೇಕಡಾ. ಕೋಹೆನ್ ಕಾಲದಿಂದ ಬಂದ ಸಾಂಪ್ರದಾಯಿಕ ಅಳತೆ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಪಡಿಸುತ್ತದೆ: 20ರಿಂದ 100ರ ತನಕ ಬಾಕ್ಸ್ 1, 100ರಿಂದ 200ರ ತನಕ 2, 200ರಿಂದ 500ರ ತನಕ 4. ನಮ್ಮ ಸರಣಿಯನ್ನು ಇದರಲ್ಲಿ ಹಾಕಿದರೆ ಒಂದೇ ಕಾಲಂನಲ್ಲಿ 100ರ ಕೆಳಗೆ ಒಂದಂಕದ ಬಾಕ್ಸ್, ಮೇಲೆ ಎರಡಂಕದ ಬಾಕ್ಸ್. ಅಲ್ಲಿ ಬಾಕ್ಸ್‌ಗಳನ್ನು ಎಣಿಸಿ ಒಂದೇ ಸೈಜ್‌ನಿಂದ ಗುಣಿಸಿದರೆ ತಪ್ಪು. ಪ್ರತಿ ಬಾಕ್ಸ್‌ಗೂ ಅದರದೇ ಬೆಲೆ ಹಿಡಿದು ಕೂಡಿ, ಆಮೇಲೆ ಮೂರರಿಂದ ಗುಣಿಸಬೇಕು.

ಇನ್ನೊಂದು ದಾರಿ ಶೇಕಡಾ ಬಾಕ್ಸ್. ಪ್ರತಿ ಬಾಕ್ಸ್ ಅದರ ಕೆಳಗಿನದಕ್ಕಿಂತ, ಉದಾಹರಣೆಗೆ, 2 ಶೇಕಡಾ ಮೇಲೆ. ಇಲ್ಲಿ ಕೂಡುವ ಸೂತ್ರ ಕೆಲಸ ಮಾಡುವುದಿಲ್ಲ. ಬಾಕ್ಸ್‌ಗಳು ಚಕ್ರಬಡ್ಡಿಯ ಹಾಗೆ ಬೆಳೆಯುವುದರಿಂದ ಗುರಿಯನ್ನೂ ಹಾಗೆಯೇ ಎಣಿಸಬೇಕು:

```
ಗುರಿ = ತಳ × (1 + ಬಾಕ್ಸ್)^(ಬಾಕ್ಸ್‌ಗಳ ಸಂಖ್ಯೆ × ರಿವರ್ಸಲ್)
```

ತಳ 100, ಕಾಲಂನಲ್ಲಿ 20 ಬಾಕ್ಸ್ ಅಂತ ಇಟ್ಟುಕೊಳ್ಳಿ. ಅರವತ್ತು ಬಾಕ್ಸ್ ಮೇಲಕ್ಕೆ ಹೋಗಬೇಕು. 1.02ರ ಅರವತ್ತನೇ ಘಾತ 3.28, ಗುರಿ 328. ಬಾಕ್ಸ್ ಅಂದರೆ 2 ಅಂಕ ಅಂದುಕೊಂಡು 20 × 2 × 3 ಮಾಡಿದವರಿಗೆ 220 ಬರುತ್ತದೆ. ನೂರಕ್ಕಿಂತ ಹೆಚ್ಚು ಅಂಕಗಳ ವ್ಯತ್ಯಾಸ. ಸಾಫ್ಟ್‌ವೇರ್ ತೋರಿಸುವ ಗುರಿಗೂ ಕೈಲೆಕ್ಕಕ್ಕೂ ಹೊಂದದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಎರಡನೆಯದು ಚಾರ್ಟ್‌ನ ಆರಂಭದ ದಿನ: ಬಾಕ್ಸ್‌ಗಳ ಮೆಟ್ಟಿಲನ್ನು ಮೊದಲ ಬೆಲೆಯಿಂದ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಎರಡು ವರ್ಷದ ಬದಲು ಐದು ವರ್ಷದ ಬೆಲೆ ತೆರೆದರೆ ಎಲ್ಲ ಬಾಕ್ಸ್‌ಗಳ ಗಡಿಯೂ ಸರಿಯುತ್ತದೆ. ಗಡಿಯ ಮೇಲೆ ನಿಂತಿದ್ದ ಬ್ರೇಕ್‌ಔಟ್ ಬರಬಹುದು, ಹೋಗಬಹುದು.

ಕೆಳಮುಖದ ಗುರಿ

ಇಳಿಕೆಗೆ ಇದೇ ಲೆಕ್ಕವನ್ನು ತಲೆಕೆಳಗು ಮಾಡಿದರೆ ಒಂದು ವಿಚಿತ್ರ ಎದುರಾಗುತ್ತದೆ. 100ರ ತುದಿಯಿಂದ ಇಳಿದ O ಕಾಲಂನಲ್ಲಿ ಎರಡಂಕದ 20 ಬಾಕ್ಸ್ ಇದ್ದರೆ 20 × 2 × 3 = 120, ಗುರಿ −20. ಬೆಲೆ ಸೊನ್ನೆಗಿಂತ ಕೆಳಗೆ! ಏರಿಕೆಗೆ ಮಿತಿಯಿಲ್ಲ, ಇಳಿಕೆಗೆ ನೆಲವಿದೆ ಅನ್ನುವುದು ಈ ಸೂತ್ರಕ್ಕೆ ಗೊತ್ತಿಲ್ಲ. ಅದಕ್ಕೇ ಹಳೆಯ ಅಭ್ಯಾಸದಲ್ಲಿ ಇಳಿಕೆಯ ಲಂಬ ಎಣಿಕೆಗೆ ಮೂರರ ಬದಲು ಎರಡರಿಂದ ಗುಣಿಸುತ್ತಾರೆ. ಆಗ 80 ಕಳೆದು ಗುರಿ 20. ಸಾಫ್ಟ್‌ವೇರ್ ಇಳಿಕೆಯ ಗುರಿಯನ್ನು ಮೂರರಲ್ಲಿ ಎಣಿಸುತ್ತದೋ ಎರಡರಲ್ಲೋ ಅಂತ ಒಂದು ಕಾಲಂ ಕೈಯಲ್ಲಿ ಎಣಿಸಿ ನೋಡಿಕೊಳ್ಳುವುದು ಐದು ನಿಮಿಷದ ಕೆಲಸ. ಶೇಕಡಾ ಬಾಕ್ಸ್‌ನಲ್ಲಿ ಈ ತೊಂದರೆ ತಾನಾಗಿಯೇ ಹೋಗುತ್ತದೆ, ಅರವತ್ತು ಬಾಕ್ಸ್ ಇಳಿದರೂ 100 ಭಾಗ 3.28, ಅಂದರೆ ಸುಮಾರು 30.

ಗುರಿ ಉಳಿದರೂ ವ್ಯವಹಾರ ಮುಗಿಯಬಹುದು

ಮತ್ತೆ ಬಾಕ್ಸ್ 2ರ ಚಾರ್ಟ್‌ಗೆ ಬರೋಣ. ಎಂಟನೇ ದಿನ 102ರಲ್ಲಿ ಕೊಂಡವರಿಗೆ ಗುರಿ 118, ಲಾಭ 16 ಅಂಕ. ಹಿಂದಿನ O ಕಾಲಂನ ತಳ 94, ಅದನ್ನು ದಾಟಿ 92ರಲ್ಲಿ O ಬಿದ್ದರೆ ಡಬಲ್ ಬಾಟಮ್ ಮಾರಾಟ ಸಂಕೇತ. ಸ್ಟಾಪ್‌ಲಾಸ್ ಅಲ್ಲಿ ಇಟ್ಟರೆ ನಷ್ಟ 10. ಒಂದು ಅಂಕದ ಅಪಾಯಕ್ಕೆ ಒಂದೂವರೆಗಿಂತ ಸ್ವಲ್ಪ ಹೆಚ್ಚು, ಅಂಥ ಆಕರ್ಷಕವೇನಲ್ಲ. ಹದಿಮೂರನೇ ದಿನ 112ರಲ್ಲಿ ಕೊಂಡವರು ಹತ್ತು ಅಂಕ ದುಬಾರಿ ಕೊಟ್ಟಿದ್ದಾರೆ. ಆದರೆ ಆ ಹೊತ್ತಿಗೆ 144 ಚಾಲ್ತಿಗೆ ಬಂದಿದೆ, ಲಾಭ 32. ಹೊಸ O ಕಾಲಂನ ತಳ 104, ಮಾರಾಟ ಸಂಕೇತ 102ರಲ್ಲಿ, ನಷ್ಟ ಅದೇ 10. ಒಂದಕ್ಕೆ ಮೂರಕ್ಕಿಂತ ಹೆಚ್ಚು. ಆದರೂ 118 ದಾರಿಯಲ್ಲಿ ಅಡ್ಡ ನಿಂತಿದೆ, ಅದೂ 112ರಿಂದ ಬರೀ ಆರು ಅಂಕ ದೂರದಲ್ಲಿ. ಅಲ್ಲಿ ಬೆಲೆ ತಡೆದು ನಿಂತರೆ ಆಶ್ಚರ್ಯಪಡಬೇಕಿಲ್ಲ, ಅರ್ಧ ಮಾರಿ ಉಳಿದದ್ದನ್ನು 144ಕ್ಕೆ ಬಿಡುವವರು ಅದಕ್ಕೇ ಹಾಗೆ ಮಾಡುತ್ತಾರೆ.

ಈಗ ಬೆಲೆ 118 ಮುಟ್ಟದೆ ತಿರುಗಿ 102ರಲ್ಲಿ O ಬಿತ್ತು ಅಂದುಕೊಳ್ಳಿ. 112ರಲ್ಲಿ ಕೊಂಡವರು ಹತ್ತು ಅಂಕ ಕಳೆದುಕೊಂಡು ಹೊರಬಂದರು. ಚಾರ್ಟ್‌ನ ಮೂಲೆಯಲ್ಲಿ ಮಾತ್ರ ಗುರಿ 144 ಹಾಗೇ ನಿಂತಿರುತ್ತದೆ, ಅದು ಅಳಿಸಿಹೋಗಲು 94ರಲ್ಲಿ O ಬೀಳಬೇಕು. 102ಕ್ಕೂ 94ಕ್ಕೂ ನಡುವಿನ ಆ ಎಂಟು ಅಂಕದ ಜಾಗದಲ್ಲೇ ಹಲವರು ‘ಗುರಿ ಇನ್ನೂ ಜೀವಂತ’ ಅಂತ ಸ್ಟಾಪ್‌ಲಾಸನ್ನು ಕೆಳಕ್ಕೆ ಜಾರಿಸುತ್ತಾರೆ. ಹಾಗೆ 94ರ ತನಕ ಕಾದವರ ನಷ್ಟ 18, ಲಾಭದ ಆಸೆ ಅದೇ 32, ಮೂರಕ್ಕಿಂತ ಹೆಚ್ಚಿದ್ದ ಲೆಕ್ಕ ಎರಡಕ್ಕಿಂತ ಕೆಳಗೆ ಬಂದಿರುತ್ತದೆ. ಎಣಿಕೆಯ ರದ್ದತಿ 94ರಲ್ಲಿ, ವ್ಯವಹಾರದ ಕೊನೆ 102ರಲ್ಲಿ. 112ರಲ್ಲಿ ಕೊಳ್ಳುವ ದಿನವೇ ಈ ಎರಡು ಸಂಖ್ಯೆಗಳನ್ನು ಬಾಕ್ಸ್ ಮತ್ತು ರಿವರ್ಸಲ್ ಜೊತೆಗೆ ಬೇರೆ ಬೇರೆ ಸಾಲಿನಲ್ಲಿ ಬರೆದಿಡಬೇಕು.